ರಟ್ಟಿನ ಪೆಟ್ಟಿಗೆಯ ಆರ್ಡರ್ ಹುಟ್ಟುವುದು ಸ್ಟೋರ್ಸ್‌ನಲ್ಲಿ

ರಟ್ಟಿನ ಪೆಟ್ಟಿಗೆ ತಯಾರಿಸುವ ಸಣ್ಣ ಘಟಕಕ್ಕೆ ಗಿರಾಕಿ ತಾನಾಗಿ ನಡೆದು ಬರುವುದು ಅಪರೂಪ. ಪೆಟ್ಟಿಗೆ ಬೇಕಾದ ಪ್ರತಿಯೊಂದು ಕಾರ್ಖಾನೆಗೂ ಈಗಾಗಲೇ ಒಬ್ಬ ಸರಬರಾಜುದಾರ ಇದ್ದೇ ಇರುತ್ತಾನೆ. ಹಾಗಾಗಿ ಪೀಣ್ಯದಲ್ಲಾಗಲಿ ಬೊಮ್ಮಸಂದ್ರದಲ್ಲಾಗಲಿ ಹೊಸ ಘಟಕದವರು ಪರಿಚಯವಿಲ್ಲದ ಗೇಟುಗಳಿಗೆ ಹೋಗಿ ನಿಲ್ಲಲೇಬೇಕು.

ಗೇಟಿನಲ್ಲಿ ಸೆಕ್ಯುರಿಟಿಯವರು ಕೇಳುವುದು ಒಂದೇ ಪ್ರಶ್ನೆ: "ಅಪಾಯಿಂಟ್‌ಮೆಂಟ್ ಇದೆಯಾ?" ಇದೆ ಎಂದು ಸುಳ್ಳು ಹೇಳಿದರೆ ಒಳಗಿನ ಫೋನಿನಲ್ಲೇ ಅದು ಬಯಲಾಗುತ್ತದೆ, ಆ ಗೇಟು ಮತ್ತೆ ತೆರೆಯುವುದಿಲ್ಲ. "ಇಲ್ಲಣ್ಣ, ಪ್ಯಾಕಿಂಗ್ ಬಾಕ್ಸ್ ಮಾಡ್ತೀವಿ. ಪರ್ಚೇಸ್‌ನಲ್ಲಿ ಬಾಕ್ಸ್ ನೋಡೋರು ಯಾರು, ಯಾವಾಗ ಸಿಗ್ತಾರೆ?" ಎಂದು ಕೇಳಿದರೆ ಎಷ್ಟೋ ಸಲ ಹೆಸರಾದರೂ ಸಿಗುತ್ತದೆ. ಆಮೇಲೆ ಮಾಡುವ ಫೋನು ಆ ಹೆಸರಿಗೇ ಹೋಗುತ್ತದೆ, ಬೋರ್ಡ್ ನಂಬರಿನಲ್ಲಿ ಕಳೆದುಹೋಗುವುದಿಲ್ಲ. ತಿಂಗಳ ಕೊನೆಯ ದಿನಗಳಲ್ಲಿ ಮಾತ್ರ ಹೋಗಬಾರದು. ಆಗ ಇಡೀ ಕಾರ್ಖಾನೆ ಮಾಲು ಕಳಿಸುವ ಗಡಿಬಿಡಿಯಲ್ಲಿರುತ್ತದೆ.

ಪರ್ಚೇಸ್ ಅಧಿಕಾರಿ ಮೊದಲು ಕೇಳುವುದು ರೇಟು. ಹೆಚ್ಚಿನವರು ಸೋಲುವುದು ಇಲ್ಲೇ ಎಂದು ನನ್ನ ಅನಿಸಿಕೆ. ಪೆಟ್ಟಿಗೆ ನೋಡದೆ ರೇಟು ಹೇಳಿದರೆ ಆ ಕಾಗದ ಹಳೆಯ ಸರಬರಾಜುದಾರನ ಬೆಲೆ ಇಳಿಸುವುದಕ್ಕೆ ಮಾತ್ರ ಉಪಯೋಗಕ್ಕೆ ಬರುತ್ತದೆ. ನಿಜವಾಗಿ ಆಸಕ್ತಿ ಇರುವವರು ಅಳತೆ ಕೊಡುತ್ತಾರೆ, ತಿಂಗಳಿಗೆ ಎಷ್ಟು ಬೇಕು ಎನ್ನುತ್ತಾರೆ, ಸ್ಯಾಂಪಲ್ಲಿಗೆಂದು ಈಗಿನ ಪೆಟ್ಟಿಗೆಯೊಂದನ್ನು ಕೈಗೆ ಕೊಡುತ್ತಾರೆ. ಈ ಮೂರರಲ್ಲಿ ಒಂದನ್ನೂ ಕೊಡದೆ "ಮೇಲ್ ಹಾಕಿ" ಎಂದರೆ ಅಲ್ಲಿ ಕೆಲಸವಿಲ್ಲ ಎಂದೇ ತಿಳಿಯಬೇಕು.

ಅವರು ಒಪ್ಪಿದರೆ ಸ್ಟೋರ್ಸ್‌ಗೆ ಹೋಗಿ ನೋಡುವುದು ಒಳ್ಳೆಯದು. ಒಂದರ ಮೇಲೊಂದು ಪೇರಿಸಿದ ಪೆಟ್ಟಿಗೆಗಳಲ್ಲಿ ಅಡಿಯದರ ಮೂಲೆ ಕುಸಿದಿದೆಯೇ, ಪಿನ್ನು ಹೊಡೆದ ಅಂಚು ಬಿಟ್ಟುಕೊಂಡಿದೆಯೇ? ಈ ತೊಂದರೆಗಳು ಪರ್ಚೇಸ್ ಮೇಜಿಗಿಂತ ಮೊದಲು ಗೊತ್ತಾಗುವುದು ಪ್ಯಾಕಿಂಗ್ ಮಾಡುವವರಿಗೆ.

ಅಲ್ಲಿಂದ ತಂದ ಪೆಟ್ಟಿಗೆಯನ್ನು ತಕ್ಕಡಿಗೆ ಹಾಕಬೇಕು. ಉದ್ದ 400, ಅಗಲ 300, ಎತ್ತರ 250 ಮಿಲಿಮೀಟರ್‌ನ ಮೂರು ಪದರದ ಪೆಟ್ಟಿಗೆ ಎಂದುಕೊಳ್ಳಿ. ಉದ್ದ, ಅಗಲ ಕೂಡಿಸಿ ಎರಡರಷ್ಟು ಮಾಡಿ, ಜೋಡಣೆಯ ಪಟ್ಟಿಗೆ 50 ಸೇರಿಸಿದರೆ ಹಾಳೆಯ ಉದ್ದ 1450. ಅಗಲಕ್ಕೆ ಎತ್ತರ ಸೇರಿಸಿದರೆ ಹಾಳೆಯ ಅಗಲ 550. ಅಂದರೆ ಸುಮಾರು 0.8 ಚದರ ಮೀಟರ್. ಕಾಗದ 150 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 150 ಗ್ರಾಂ ತೂಗುವಂಥದ್ದಾದರೆ, ಮೇಲಿನ ಮತ್ತು ಕೆಳಗಿನ ಪದರ ಸೇರಿ 300. ನಡುವಿನದು ಅಲೆಯಂತೆ ಮಡಚಿರುವುದರಿಂದ ಹೆಚ್ಚು ಕಾಗದ ಹಿಡಿದು ಸುಮಾರು 210 ಆಗುತ್ತದೆ. ಒಟ್ಟು 510, ಪೆಟ್ಟಿಗೆಯ ತೂಕ 400 ಗ್ರಾಂ ಆಸುಪಾಸು. ತಕ್ಕಡಿ 340 ತೋರಿಸಿದರೆ ಅದು 150ರ ಕಾಗದವಲ್ಲ, 125ರ ಹತ್ತಿರದ್ದು. ಮಳೆಗಾಲದಲ್ಲಿ ಪೆಟ್ಟಿಗೆ ಒಣಗಿದ ಮೇಲೆಯೇ ತೂಗಬೇಕು. ತೇವ ಹೀರಿದ ರಟ್ಟು ತೂಕ ಹೆಚ್ಚಾಗಿ ತೋರಿಸುತ್ತದೆ, ಬಲ ಮಾತ್ರ ಕಳೆದುಕೊಂಡಿರುತ್ತದೆ.

ಎರಡನೇ ಭೇಟಿಗೆ ಈ ಲೆಕ್ಕ ಮತ್ತು ಅದೇ ಅಳತೆಯಲ್ಲಿ ತಾವು ಮಾಡಿದ ಎರಡು ಪೆಟ್ಟಿಗೆ ಹಿಡಿದು ಹೋದರೆ ಮಾತಿನ ದಿಕ್ಕೇ ಬದಲಾಗುತ್ತದೆ. ಒಂದು ಈಗಿನಷ್ಟೇ ತೂಕದ್ದು, ಇನ್ನೊಂದು 400 ಗ್ರಾಮಿನದು. ಕಿಲೋಗೆ 65 ರೂಪಾಯಿ ಹಿಡಿದರೆ ಮೊದಲನೆಯದು ಸುಮಾರು 22, ಎರಡನೆಯದು 26 ರೂಪಾಯಿ. ಆ ನಾಲ್ಕು ರೂಪಾಯಿಗೆ ಮೂಲೆ ಕುಸಿಯುವುದು ನಿಲ್ಲುತ್ತದೆಯೇ ಎಂಬುದನ್ನು ಅವರೇ ಅವರ ಮಾಲು ತುಂಬಿಸಿ ನೋಡಲಿ. ಸಣ್ಣ ಟ್ರಯಲ್ ಆರ್ಡರ್ ಹುಟ್ಟುವುದು ಇಲ್ಲಿಂದ. ಸ್ಯಾಂಪಲ್ ದಪ್ಪ ಕಾಗದದಲ್ಲಿ ಕೊಟ್ಟು ಮಾಲು ತೆಳುವಾಗಿ ಕಳಿಸುವವರಿದ್ದಾರೆ. ಸ್ಟೋರ್ಸ್‌ನಲ್ಲೂ ತಕ್ಕಡಿ ಇರುತ್ತದೆ, ಅಂಥ ಲಾರಿ ಗೇಟಿನಿಂದಲೇ ವಾಪಸ್ ಬರುತ್ತದೆ.

ಆರ್ಡರ್ ಸಿಕ್ಕ ಖುಷಿಯಲ್ಲಿ ಹಣ ಬರುವ ದಿನವನ್ನು ಕೇಳಲು ಮರೆಯಬಾರದು. ತಿಂಗಳಿಗೆ 2000 ಪೆಟ್ಟಿಗೆ, 26 ರೂಪಾಯಿಯಂತೆ 52,000. ಎರಡು ತಿಂಗಳು ಸಾಲವೆಂದರೆ ಲಕ್ಷಕ್ಕೂ ಮಿಕ್ಕಿ ಹಣ ಅಲ್ಲೇ ಕೂತಿರುತ್ತದೆ, ಕಾಗದದ ವ್ಯಾಪಾರಿ ಅಷ್ಟು ದಿನ ಕಾಯುವುದಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ನೋಂದಾಯಿತ ಸಣ್ಣ ಘಟಕಕ್ಕೆ ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಈ ಗಡುವು ಮೀರಿದ ಬಾಕಿಯನ್ನು, ನಿಜವಾಗಿ ಪಾವತಿಸುವವರೆಗೆ, ಕೊಂಡವರು ಆದಾಯ ತೆರಿಗೆಯಲ್ಲಿ ಖರ್ಚಾಗಿ ತೋರಿಸುವಂತಿಲ್ಲ ಎಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆದ್ದರಿಂದ ವೆಂಡರ್ ಕೋಡ್‌ಗೆ ಜಿಎಸ್‌ಟಿ ಪತ್ರ, ರದ್ದು ಮಾಡಿದ ಚೆಕ್ ಕೊಡುವಾಗ ಉದ್ಯಮ್ ಪ್ರಮಾಣಪತ್ರವನ್ನೂ ಸೇರಿಸಿ, ಅದರ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಅಚ್ಚು ಹಾಕಿಸಬೇಕು. ಅಕೌಂಟ್ಸ್ ವಿಭಾಗದವರು ಬಿಲ್ಲುಗಳನ್ನು ವಿಂಗಡಿಸುವಾಗ ಮೊದಲು ನೋಡುವುದರಲ್ಲಿ ಆ ಸಂಖ್ಯೆಯೂ ಒಂದು.