ಲಿಂಕಿಗೆ ಯಾವ ಮಾತು ಹಾಕಬೇಕು?

ಜಾಲತಾಣಗಳಲ್ಲಿ ಲೇಖನ ಓದುವಾಗ ನಡುನಡುವೆ ‘ಇಲ್ಲಿ ಕ್ಲಿಕ್ ಮಾಡಿ’, ‘ಇದನ್ನೂ ಓದಿ’ ಎಂಬ ನೀಲಿ ಅಕ್ಷರಗಳು ಎದುರಾಗುತ್ತವೆ. ಒತ್ತಿದರೆ ಅದೇ ತಾಣದ ಇನ್ನೊಂದು ಪುಟ ತೆರೆದುಕೊಳ್ಳುತ್ತದೆ. ಹೀಗೆ ತಾಣದೊಳಗೇ ಓಡಾಡಿಸುವ ದಾರಿ ಇಂಟರ್ನಲ್ ಲಿಂಕ್. ಒತ್ತಲು ಸಿಗುವ ಆ ಪದಗಳು ಆಂಕರ್ ಟೆಕ್ಸ್ಟ್. ಓದುಗನಿಗೂ ಗೂಗಲ್‌ಗೂ ಮುಂದಿನ ಪುಟದಲ್ಲಿ ಏನಿದೆ ಎಂದು ಮೊದಲು ಹೇಳುವುದು ಆ ಪದಗಳೇ. ‘ಇಲ್ಲಿ ಕ್ಲಿಕ್ ಮಾಡಿ’ ಎಂದರೆ ಇಬ್ಬರಿಗೂ ಏನೂ ಹೇಳಿದಂತಾಗುವುದಿಲ್ಲ.

ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ಗೂಗಲ್‌ನ ರಚನೆಯನ್ನು ವಿವರಿಸಿ ಬರೆದ ಪ್ರಬಂಧದಲ್ಲೇ ಈ ವಿಚಾರ ಬಂದಿದೆ. ಒಂದು ಪುಟ ತನ್ನ ಬಗ್ಗೆ ತಾನು ಹೇಳಿಕೊಳ್ಳುವುದಕ್ಕಿಂತ, ಅದರತ್ತ ಕಳಿಸುವ ಲಿಂಕಿನ ಪದಗಳು ಅದನ್ನು ಎಷ್ಟೋ ಸಲ ಹೆಚ್ಚು ಸರಿಯಾಗಿ ವರ್ಣಿಸುತ್ತವೆ ಎಂದು ಅವರು ಗಮನಿಸಿದ್ದರು. ಜನ ಇದರ ದುರುಪಯೋಗವನ್ನೂ ಬೇಗ ಕಲಿತರು. ತಮಗೆ ಬೇಕಾದ ಕೀವರ್ಡನ್ನೇ ಆಂಕರ್ ಮಾಡಿ ನೂರಾರು ಹೊರತಾಣಗಳಿಂದ ಲಿಂಕ್ ಹಾಕಿಸಿಕೊಳ್ಳುವ ವ್ಯಾಪಾರವೇ ಬೆಳೆಯಿತು. 2012ರ ಏಪ್ರಿಲ್‌ನಲ್ಲಿ ಗೂಗಲ್ ‘ಪೆಂಗ್ವಿನ್’ ಎಂಬ ಬದಲಾವಣೆ ತಂದಾಗ ಇಂಥ ತಾಣಗಳು ಹುಡುಕಾಟದ ಫಲಿತಾಂಶದಲ್ಲಿ ಕೆಳಗಿಳಿದವು.

ಪೆಂಗ್ವಿನ್‌ನ ಗುರಿ ಇದ್ದದ್ದು ಹೊರಗಿನಿಂದ ಹೊಂಚಿ ತಂದ ಲಿಂಕ್‌ಗಳ ಮೇಲೆ. ಆದರೆ ಅದರ ಹೆದರಿಕೆ ಒಳಗಿನ ಲಿಂಕ್‌ಗಳಿಗೂ ಹಬ್ಬಿತು. ಕೆಲವರು ಕೀವರ್ಡ್ ಹಾಕಲೇ ಹಿಂಜರಿದು ‘ಇನ್ನಷ್ಟು ಓದಿ’ ಎಂದು ಬರೆಯುತ್ತಾರೆ. ಇನ್ನು ಕೆಲವರು ಶೇಕಡಾ ಇಷ್ಟು ಆಂಕರ್‌ಗಳಲ್ಲಿ ಮಾತ್ರ ಕೀವರ್ಡ್ ಇರಬೇಕು ಎಂದು ಲೆಕ್ಕ ಇಡುತ್ತಾರೆ. ಅಂಥ ಯಾವ ಶೇಕಡಾವಾರನ್ನೂ ಗೂಗಲ್ ಪ್ರಕಟಿಸಿಲ್ಲ. ಆಂಕರ್ ಮುಂದಿನ ಪುಟವನ್ನು ವರ್ಣಿಸಬೇಕು, ಚಿಕ್ಕದಾಗಿರಬೇಕು, ಅದರಲ್ಲಿ ಕೀವರ್ಡ್ ತುರುಕಬಾರದು ಎಂಬಷ್ಟೇ ಅದರ ಮಾರ್ಗಸೂಚಿ. ನನ್ನ ದೃಷ್ಟಿಯಲ್ಲಿ ಈ ಲೆಕ್ಕಾಚಾರವೇ ತಪ್ಪು ಜಾಗದಲ್ಲಿ ಶುರುವಾಗುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಈ ಪುಟ ಓದುತ್ತಿರುವವರನ್ನು ಆ ಪುಟಕ್ಕೆ ಏಕೆ ಕಳಿಸುತ್ತಿದ್ದೇವೆ?

ಕರಾವಳಿ ಅಡುಗೆಯ ಒಂದು ತಾಣ ಇದೆ ಎಂದುಕೊಳ್ಳೋಣ. ಅದರಲ್ಲಿ ‘ನೀರ್ ದೋಸೆ ಮಾಡುವ ವಿಧಾನ’ ಎಂಬ ಪುಟವಿದೆ, ಹುಡುಕಾಟದಲ್ಲಿ ಅದು ಮೇಲೆ ಬರಬೇಕು. ಕಾಯಿ ಚಟ್ನಿ, ಕೋಳಿ ಗಸಿ, ಕಬ್ಬಿಣದ ಕಾವಲಿ ಪಳಗಿಸುವುದು, ಹಿಟ್ಟು ಹುಳಿ ಬರಿಸದೆ ಮಾಡುವ ತಿಂಡಿಗಳು ಎಂಬ ನಾಲ್ಕು ಪುಟಗಳಿಂದ ಅಲ್ಲಿಗೆ ಲಿಂಕ್ ಕೊಡಬಹುದು. ಸಾಮಾನ್ಯವಾಗಿ ಆಗುವುದೇನೆಂದರೆ, ಒಂದು ಪ್ಲಗಿನ್ ಹಾಕಿ, ‘ನೀರ್ ದೋಸೆ’ ಎಂದು ಬಂದಲ್ಲೆಲ್ಲ ತಾನಾಗಿ ಲಿಂಕ್ ಬೀಳುವಂತೆ ಮಾಡುತ್ತಾರೆ. ಆಗ ಚಟ್ನಿಯ ಒಂದೇ ಪ್ಯಾರಾದಲ್ಲಿ ಮೂರು ನೀಲಿ ‘ನೀರ್ ದೋಸೆ’ಗಳು ಕಾಣುತ್ತವೆ, ಮೂರೂ ಹೋಗುವುದು ಒಂದೇ ಕಡೆ. ಇಲ್ಲವೇ ಸಂಪಾದಕರು ನಾಲ್ಕೂ ಪುಟದ ಕೊನೆಗೆ ‘ನೀರ್ ದೋಸೆ ಮಾಡುವ ವಿಧಾನ ಸುಲಭ ನೀರ್ ದೋಸೆ ರೆಸಿಪಿ’ ಎಂದು ಅಂಟಿಸುತ್ತಾರೆ. ಯಾರೂ ಹಾಗೆ ಮಾತಾಡುವುದಿಲ್ಲ. ಓದುವವರ ಕಣ್ಣು ಜಾಹೀರಾತನ್ನು ದಾಟುವಂತೆ ಅದನ್ನೂ ದಾಟಿಹೋಗುತ್ತದೆ.

ಈಗ ಒಂದೊಂದೇ ಪುಟ ನೋಡೋಣ. ಚಟ್ನಿ ಮಾಡುವವರು ಅದನ್ನು ಯಾವುದರ ಜೊತೆ ತಿನ್ನುವುದು ಎಂದು ಯೋಚಿಸುತ್ತಾರೆ. ಅಲ್ಲಿ ‘ಬಿಸಿ ನೀರ್ ದೋಸೆಗೆ ಈ ಚಟ್ನಿ ಚೆನ್ನಾಗಿ ಹೊಂದುತ್ತದೆ’ ಎಂಬ ವಾಕ್ಯದಲ್ಲಿ ‘ನೀರ್ ದೋಸೆಗೆ’ ಎಂಬುದಷ್ಟೇ ಲಿಂಕ್ ಆದರೆ ಸಾಕು. ಕಾವಲಿಯ ಪುಟ ಓದುವವರ ತಲೆನೋವು ದೋಸೆ ಏಳದೆ ಅಂಟಿಕೊಳ್ಳುವುದು. ಅಲ್ಲಿ ‘ನೀರ್ ದೋಸೆ ಕಾವಲಿಗೆ ಅಂಟದಂತೆ ಹುಯ್ಯುವ ಕ್ರಮ’ ಎಂಬ ಆಂಕರ್ ಅವರ ಕೈಹಿಡಿಯುತ್ತದೆ, ಗುರಿಪುಟದಲ್ಲಿ ಆ ಕ್ರಮ ನಿಜವಾಗಿಯೂ ಇದ್ದರೆ. ಹುಳಿ ಬರಿಸದ ತಿಂಡಿಗಳ ಪುಟದಲ್ಲಿ ‘ಉದ್ದಿಲ್ಲದೆ, ಬರೀ ಬೆಳ್ತಿಗೆ ಅಕ್ಕಿಯಿಂದ ನೀರ್ ದೋಸೆ ಮಾಡುವ ವಿಧಾನ’ ಎಂದು ಪೂರ್ತಿ ಕೀವರ್ಡೇ ಬಂದರೂ ಸಹಜ, ಏಕೆಂದರೆ ಅಲ್ಲಿಗೆ ಬಂದವರು ವಿಧಾನ ಹುಡುಕಿಕೊಂಡೇ ಬಂದವರು. ಕೋಳಿ ಗಸಿಯ ಪುಟದಲ್ಲಿ ಹೀಗೆ ಬರೆಯಬಹುದು:

```html
<p>ಗಸಿಯ ಜೊತೆಗೆ
<a href="/neer-dose">ತೆಳ್ಳಗಿನ ನೀರ್ ದೋಸೆ</a>
ಇದ್ದರೆ ಅನ್ನವೂ ಬೇಡ.</p>
```

ನಾಲ್ಕರಲ್ಲೂ ‘ನೀರ್ ದೋಸೆ’ ಇದೆ, ಆದರೂ ಯಾವುದೂ ಇನ್ನೊಂದರಂತಿಲ್ಲ. ಬದಲಾವಣೆಗೆಂದೇ ಸಮಾನಪದಗಳ ಪಟ್ಟಿ ಮಾಡಿ ಸುತ್ತಿಸಿ ಹಾಕಿದ್ದೂ ಅಲ್ಲ. ಪ್ರತಿ ಪುಟಕ್ಕೂ ಓದುಗರನ್ನು ಅಲ್ಲಿಗೆ ಕಳಿಸಲು ತನ್ನದೇ ಕಾರಣವಿತ್ತು, ಆ ಕಾರಣವೇ ಆಂಕರ್‌ನ ಮಾತಾಯಿತು. ಅಂಟದಿರುವುದು, ಉದ್ದಿಲ್ಲದಿರುವುದು, ತೆಳ್ಳಗಿರುವುದು ಎಂದು ಆ ಪುಟದ ಬಗ್ಗೆ ಗೂಗಲ್‌ಗೂ ಒಂದರ ಬದಲು ಮೂರು ಸಂಗತಿ ಸಿಕ್ಕಿತು.

ವಿಭಕ್ತಿ ಪ್ರತ್ಯಯಕ್ಕೆ ಹೆದರಬೇಕಾಗಿಲ್ಲ. ‘ನೀರ್ ದೋಸೆಯನ್ನು’, ‘ನೀರ್ ದೋಸೆಗೆ’ ಎಂದು ಬಂದರೆ ಪ್ರತ್ಯಯವನ್ನೂ ಸೇರಿಸಿಯೇ ಲಿಂಕ್ ಮಾಡಿ, ಪದವನ್ನು ಅರ್ಧಕ್ಕೆ ಕತ್ತರಿಸಬೇಡಿ. ಕೀವರ್ಡಿನ ಮೂಲರೂಪ ಕೆಡಬಾರದೆಂದು ವಾಕ್ಯವನ್ನೇ ತಿರುಚಿದಾಗ ಕನ್ನಡ ಬಿರುಸಾಗುತ್ತದೆ. ಜನ ಇಂಗ್ಲಿಷ್ ಅಕ್ಷರದಲ್ಲಿ `neer dose maduva vidhana` ಎಂದೂ ಹುಡುಕುತ್ತಾರೆ. ಹಾಗೆಂದು ಕನ್ನಡ ವಾಕ್ಯದ ನಡುವೆ ಅದನ್ನು ಆಂಕರ್ ಮಾಡಿದರೆ ಓದುವವರಿಗೆ ಅದು ಕಲ್ಲು ಸಿಕ್ಕ ಅನ್ನ.

ಅತಿಯಾಗಿದೆಯೇ ಎಂದು ತಿಳಿಯಲು ಎರಡು ಓದು ಸಾಕು. ಮೊದಲು ಲಿಂಕ್ ಇಲ್ಲವೆಂದೇ ಭಾವಿಸಿ ವಾಕ್ಯವನ್ನು ಗಟ್ಟಿಯಾಗಿ ಓದಿ. ಲಿಂಕ್ ಕೊಡುವ ಉದ್ದೇಶವೇ ಇಲ್ಲದಿದ್ದರೂ ಆ ಪದಗಳನ್ನು ಅಲ್ಲಿ ಬರೆಯುತ್ತಿದ್ದಿರಾ? ಇಲ್ಲ ಎನಿಸಿದರೆ ಅದು ತುರುಕಿದ್ದು. ಆಮೇಲೆ ವಾಕ್ಯ ಬಿಟ್ಟು ಆಂಕರ್ ಮಾತ್ರ ಓದಿ. ಮುಂದಿನ ಪುಟ ಯಾವುದರದ್ದು ಎಂದು ಊಹಿಸಲಾಗದಿದ್ದರೆ ಅದು ಖಾಲಿ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಬಳಸುವಾಗ ಪುಟದ ಲಿಂಕ್‌ಗಳನ್ನಷ್ಟೇ ಪಟ್ಟಿಯಾಗಿ ಕೇಳುವುದುಂಟು. ಈ ಎರಡನೆಯ ಓದು ಅವರ ಅನುಭವಕ್ಕೆ ಹತ್ತಿರದ್ದು. ಚಿತ್ರಕ್ಕೆ ಲಿಂಕ್ ಕೊಟ್ಟಿದ್ದರೆ ಅದರ `alt` ಪದಗಳೇ ಆಂಕರ್ ಆಗುತ್ತವೆ, ಅವನ್ನೂ ಓದಿ ನೋಡಿ.

ಆಂಕರ್‌ಗಳು ಒಂದೇ ತೆರನಾಗಿರುವುದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ: ಒಂದೇ ಆಂಕರ್ ಎರಡು ಪುಟಗಳಿಗೆ ಹೋಗುವುದು. ಮುಂದೆ ಅದೇ ತಾಣದಲ್ಲಿ ‘ರಾಗಿ ನೀರ್ ದೋಸೆ’ ಎಂಬ ಹೊಸ ಪುಟ ಬರುತ್ತದೆ ಎನ್ನಿ. ಬರೆಯುವವರು ಒಮ್ಮೆ ಅದಕ್ಕೂ ಒಮ್ಮೆ ಹಳೆಯದಕ್ಕೂ ಬರೀ ‘ನೀರ್ ದೋಸೆ’ ಎಂದೇ ಲಿಂಕ್ ಕೊಡುತ್ತಾರೆ. ಆ ಮಾತಿಗೆ ಯಾವ ಪುಟ ಮುಖ್ಯ ಎಂಬುದು ಗೂಗಲ್‌ಗೆ ಅಸ್ಪಷ್ಟವಾಗುತ್ತದೆ. ಇದನ್ನು ಪತ್ತೆಹಚ್ಚಲು ಗೂಗಲ್‌ನ ಉಚಿತ ಸಾಧನವಾದ ಸರ್ಚ್ ಕನ್ಸೋಲ್‌ನಲ್ಲಿ `Performance` ವರದಿ ತೆರೆಯಿರಿ. `Queries` ಪಟ್ಟಿಯಿಂದ ಆ ಕೀವರ್ಡನ್ನು ಆರಿಸಿ `Pages` ಒತ್ತಿ. ಒಂದೇ ಹುಡುಕಾಟಕ್ಕೆ ಎರಡೂ ಪುಟಗಳು ಕಾಣಿಸಿ, ಒಂದು ಏರಿದಾಗ ಇನ್ನೊಂದು ಇಳಿಯುತ್ತಿದ್ದರೆ ಲಿಂಕ್‌ಗಳನ್ನು ಪರಿಶೀಲಿಸುವ ಹೊತ್ತು ಬಂದಿದೆ. ರಾಗಿಯ ಪುಟಕ್ಕೆ ಹೋಗುವ ಪ್ರತಿ ಆಂಕರ್‌ನಲ್ಲೂ ‘ರಾಗಿ’ ಇರಲಿ. ಬರೀ ‘ನೀರ್ ದೋಸೆ’ ಎಂಬುದು ಹಳೆಯ ಪುಟಕ್ಕೇ ಮೀಸಲಾಗಿರಲಿ.

ಆದರೆ ಸರ್ಚ್ ಕನ್ಸೋಲ್ ಒಳಲಿಂಕ್‌ಗಳ ಸಂಖ್ಯೆ ತೋರಿಸುತ್ತದೆಯೇ ಹೊರತು ಅವುಗಳ ಆಂಕರ್ ತೋರಿಸುವುದಿಲ್ಲ. ಅದಕ್ಕೆ ಸ್ಕ್ರೀಮಿಂಗ್ ಫ್ರಾಗ್‌ನಂಥ ತಂತ್ರಾಂಶ ಬೇಕು. 500 ವಿಳಾಸಗಳವರೆಗೆ ಅದು ಉಚಿತ, ಸಣ್ಣ ತಾಣಕ್ಕೆ ಅಷ್ಟು ಸಾಕು. ಅದು ಕೊಡುವ ಪಟ್ಟಿಯನ್ನು ಗುರಿಪುಟದ ಪ್ರಕಾರ ಜೋಡಿಸಿದರೆ ಎಲ್ಲಿ ಅತಿಯಾಗಿದೆ, ಎಲ್ಲಿ ಖಾಲಿಯಾಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಮೆನುವಿನಲ್ಲಿ ಒಂದೇ ಹೆಸರು ಎಲ್ಲ ಪುಟಗಳಲ್ಲೂ ಬರುವುದು ಸಹಜ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಗುರಿಪುಟದಲ್ಲೇ ಸತ್ವವಿಲ್ಲದಿದ್ದರೆ ಎಂಥ ಆಂಕರ್ ಕೂಡ ಅದನ್ನು ಮೇಲೆತ್ತದು. ತಿದ್ದಿದ ಲಿಂಕ್‌ಗಳು ಲೆಕ್ಕಕ್ಕೆ ಬರಬೇಕಾದರೆ ಗೂಗಲ್ ಆ ಪುಟಗಳನ್ನು ಮತ್ತೆ ಓದಬೇಕು, ಅದಕ್ಕೆ ಕೆಲವು ವಾರಗಳೇ ಹಿಡಿಯಬಹುದು. ಅಲ್ಲಿಯವರೆಗೆ ಅವನ್ನು ಮತ್ತೆ ಮತ್ತೆ ಬದಲಿಸುತ್ತ ಕೂರಬೇಡಿ.