ಲೋಲಕದ ಗ್ರಾಫಿನಲ್ಲಿ ಗೆರೆ ಎಳೆಯುವುದು ಹೇಗೆ?

ಪಿಯುಸಿ ಲ್ಯಾಬಿನ ಸರಳ ಲೋಲಕದ ಪ್ರಯೋಗ ಬಹುತೇಕರಿಗೆ ನೆನಪಿರುತ್ತದೆ. ದಾರಕ್ಕೆ ಲೋಹದ ಗುಂಡು ಕಟ್ಟಿ ತೂಗಬಿಟ್ಟು, 20 ಆಂದೋಲನಗಳಿಗೆ ಹಿಡಿದ ಸಮಯವನ್ನು 20ರಿಂದ ಭಾಗಿಸಿದರೆ ಆವರ್ತ ಕಾಲ T ಸಿಗುತ್ತದೆ. ಉದ್ದ L ಬದಲಿಸುತ್ತ ಇದನ್ನೇ ಮತ್ತೆ ಮಾಡಿ, L ಅನ್ನು ಅಡ್ಡ ಅಕ್ಷದಲ್ಲೂ T² ಅನ್ನು ಲಂಬ ಅಕ್ಷದಲ್ಲೂ ಗುರುತಿಸಬೇಕು. ಚುಕ್ಕೆಗಳು ಒಂದು ನೇರ ಗೆರೆಯ ಸುತ್ತಮುತ್ತ ಬೀಳುತ್ತವೆ. ಆ ಗೆರೆಯ ಇಳಿಜಾರು 4π²/g. ಅಂದರೆ 39.48 ಅನ್ನು ಇಳಿಜಾರಿನಿಂದ ಭಾಗಿಸಿದರೆ ಗುರುತ್ವ ವೇಗೋತ್ಕರ್ಷ g ಬರುತ್ತದೆ.

ಒಂದು ಉದಾಹರಣೆ ನೋಡೋಣ. ಉದ್ದ 0.60, 0.70, 0.80, 0.90, 1.00 ಮೀಟರ್ ಇದ್ದಾಗ T² ಕ್ರಮವಾಗಿ 2.43, 2.80, 3.25, 3.61, 4.04 ಬಂತು ಎನ್ನಿ. ಅನೇಕ ಮಕ್ಕಳು ಪಕ್ಕಪಕ್ಕದ ಎರಡು ಚುಕ್ಕೆಗಳನ್ನು ಹಿಡಿದು ಲೆಕ್ಕ ಮಾಡಿಬಿಡುತ್ತಾರೆ. ಎರಡನೆಯ ಮತ್ತು ಮೂರನೆಯ ಚುಕ್ಕೆಯಿಂದ ಇಳಿಜಾರು 4.5, g 8.77. ಮೂರನೆಯ ಮತ್ತು ನಾಲ್ಕನೆಯದರಿಂದ ಇಳಿಜಾರು 3.6, g 10.97. ಅದೇ ದಾರ, ಅದೇ ಗುಂಡು! ಸ್ಟಾಪ್‌ವಾಚ್ ಒತ್ತುವಾಗ ಆದ ಸಣ್ಣ ಹೆಚ್ಚುಕಮ್ಮಿ ಇಲ್ಲಿ ದೊಡ್ಡದಾಗಿ ಕಾಣಿಸಿಕೊಂಡಿದೆ.

ಗೆರೆ ಬೇಕಾಗುವುದು ಇದಕ್ಕೇ. ಪಾರದರ್ಶಕ ಸ್ಕೇಲನ್ನು ಚುಕ್ಕೆಗಳ ಮೇಲಿಟ್ಟು ನಿಧಾನವಾಗಿ ಸರಿಸಿ, ತಿರುಗಿಸಿ. ಕೆಲವು ಚುಕ್ಕೆ ಗೆರೆಗಿಂತ ಮೇಲೆ, ಕೆಲವು ಕೆಳಗೆ ಉಳಿಯಬೇಕು. ಅದೂ ಗೆರೆಯ ಉದ್ದಕ್ಕೂ ಬೆರೆತಿರಬೇಕು. ಒಂದು ತುದಿಯಲ್ಲಿ ಎಲ್ಲವೂ ಮೇಲೆ, ಇನ್ನೊಂದು ತುದಿಯಲ್ಲಿ ಎಲ್ಲವೂ ಕೆಳಗೆ ಇದ್ದರೆ ಸ್ಕೇಲು ಇನ್ನೂ ಓರೆಯಾಗಿದೆ. ಗೆರೆ ಯಾವ ಚುಕ್ಕೆಯನ್ನೂ ಮುಟ್ಟದಿದ್ದರೂ ತಪ್ಪಿಲ್ಲ. ಮೊದಲ ಮತ್ತು ಕೊನೆಯ ಚುಕ್ಕೆಗಳನ್ನು ಸುಮ್ಮನೆ ಜೋಡಿಸುವುದು ಮಾತ್ರ ತಪ್ಪು. ನಡುವಿನ ಮೂರು ಅಳತೆಗಳ ಶ್ರಮ ಅಲ್ಲಿಗೆ ವ್ಯರ್ಥ.

ಇಳಿಜಾರು ಓದಲು ಗೆರೆಯ ಮೇಲೆಯೇ ದೂರದೂರದ ಎರಡು ಜಾಗ ಆರಿಸಿ. ನಮ್ಮ ಗೆರೆಯಲ್ಲಿ L 0.20 ಇರುವಲ್ಲಿ T² 0.80, L 1.10 ಇರುವಲ್ಲಿ 4.43. ವ್ಯತ್ಯಾಸ 3.63, ಅದನ್ನು 0.90ರಿಂದ ಭಾಗಿಸಿದರೆ 4.03, g ಸುಮಾರು 9.8. ದೂರ ಏಕೆ ಬೇಕು? ಓದುವಾಗ 0.04ರಷ್ಟು ತಪ್ಪಿದರೂ 3.63ರಲ್ಲಿ ಅದು ಶೇ. 1ರಷ್ಟೇ. ಎರಡು ಜಾಗಗಳ ನಡುವೆ 0.10 ಮೀಟರ್ ಮಾತ್ರ ಅಂತರವಿದ್ದರೆ ಅದೇ ತಪ್ಪು ಶೇ. 10 ಆಗುತ್ತದೆ.

ಗೆರೆ ಮೂಲಬಿಂದುವಿನ ಮೂಲಕವೇ ಹಾಯಬೇಕೆಂದು ಹಟ ಹಿಡಿಯಬೇಡಿ. ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆಯದೆ ದಾರವನ್ನಷ್ಟೇ ಅಳೆದು, ಪ್ರತಿ ಸಲವೂ 2 ಸೆಂಟಿಮೀಟರ್ ಬಿಟ್ಟುಹೋಗಿದೆ ಎಂದುಕೊಳ್ಳಿ. ಆಗ ಇಡೀ ಗೆರೆ ಎಡಕ್ಕೆ ಸರಿದು, ಲಂಬ ಅಕ್ಷವನ್ನು ಸುಮಾರು 0.08ರಲ್ಲಿ ಕತ್ತರಿಸುತ್ತದೆ. ಆದರೆ ಇಳಿಜಾರು ಬದಲಾಗುವುದಿಲ್ಲ, g ಸರಿಯಾಗಿಯೇ ಬರುತ್ತದೆ. ಅದನ್ನು ಬಲವಂತವಾಗಿ ಮೂಲಬಿಂದುವಿಗೆ ಎಳೆದರೆ ಇಳಿಜಾರು 4.13ರ ಆಸುಪಾಸಿಗೆ ಏರಿ, g 9.6ರ ಹತ್ತಿರಕ್ಕೆ ಇಳಿಯುತ್ತದೆ.