ಹಾಸ್ಟೆಲ್ ವೈಫೈಗೆ ಪ್ಲೇಸ್ಟೇಷನ್ ಸೇರಿಸುವುದು

ಫೋನು, ಲ್ಯಾಪ್‌ಟಾಪ್‌ಗಳು ಕಾಲೇಜಿನ ವೈಫೈಗೆ ಸೇರುವಾಗ ವಿದ್ಯಾರ್ಥಿಯ ಐಡಿ ಮತ್ತು ಪಾಸ್‌ವರ್ಡ್ ಎರಡನ್ನೂ ಕೇಳುತ್ತವೆ. ಪ್ಲೇಸ್ಟೇಷನ್ 5ರಲ್ಲಿ ಇಂಥ ಲಾಗಿನ್‌ಗೆ ಅವಕಾಶವೇ ಇಲ್ಲ. ಅದಕ್ಕೆ ಗೊತ್ತಿರುವುದು ಮನೆಯ ವೈಫೈನಂತೆ ಒಂದೇ ಪಾಸ್‌ವರ್ಡ್. ಹಾಗಾಗಿ ಅನೇಕ ಕ್ಯಾಂಪಸ್‌ಗಳು ಇಂಥ ಸಾಧನಗಳಿಗೆಂದೇ ಬೇರೆ ನೆಟ್‌ವರ್ಕ್ ಇಟ್ಟಿರುತ್ತವೆ. ಅಲ್ಲಿ ಗುರುತು ಹಿಡಿಯುವುದು ಮ್ಯಾಕ್ ವಿಳಾಸದಿಂದ.

ಅದನ್ನು ಕಾಣಲು ಇಂಟರ್‌ನೆಟ್ ಬೇಕಿಲ್ಲ. Settings, System, System Software, Console Information ಎಂದು ಒಳಗೆ ಹೋದರೆ ಸಿಗುತ್ತದೆ. ಎಡವುವುದು ಇಲ್ಲೇ, ಏಕೆಂದರೆ ಪರದೆಯ ಮೇಲೆ ಎರಡು ವಿಳಾಸಗಳಿರುತ್ತವೆ: ಒಂದು ಲ್ಯಾನ್ ಕೇಬಲ್‌ಗೆ, ಇನ್ನೊಂದು ವೈಫೈಗೆ. ಕೇಬಲ್ಲಿನದನ್ನು ನೋಂದಾಯಿಸಿ ವೈಫೈನಲ್ಲಿ ಕೂತರೆ, ನೆಟ್‌ವರ್ಕಿನ ಪಾಲಿಗೆ ನಿಮ್ಮದು ಅಪರಿಚಿತ ಯಂತ್ರ. ಸಿಗ್ನಲ್ ತುಂಬ ಇದ್ದರೂ ಇಂಟರ್‌ನೆಟ್ ಬಾರದಿದ್ದರೆ ಮೊದಲು ಇದನ್ನೇ ನೋಡಿ.

ವಿಳಾಸದಲ್ಲಿ ಇರುವುದು ಹನ್ನೆರಡು ಅಕ್ಷರ. 0ಯಿಂದ 9, Aಯಿಂದ F ಮಾತ್ರ. ಆದ್ದರಿಂದ O ಎಂದು ಕಂಡದ್ದೆಲ್ಲ ಸೊನ್ನೆಯೇ. ಆದರೆ B ಮತ್ತು 8 ಎರಡೂ ಬರಬಹುದು, ಹಾಗಾಗಿ ಪರದೆಯ ಫೋಟೊ ತೆಗೆದು, ದೊಡ್ಡದು ಮಾಡಿ ನೋಡಿಯೇ ಲ್ಯಾಪ್‌ಟಾಪಿನಿಂದ ಕಾಲೇಜಿನ ಪೋರ್ಟಲ್‌ನಲ್ಲಿ ತುಂಬಿ. ನೋಂದಣಿ ಜಾರಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಬಹುದು. ಬಳಿಕ ಕನ್ಸೋಲನ್ನು ಒಮ್ಮೆ ಪೂರ್ತಿ ಆಫ್ ಮಾಡಿ ಆನ್ ಮಾಡಿ.

ಸ್ಮಾರ್ಟ್ ಟಿವಿಗೂ ದಾರಿ ಇದೇ. ಆದರೆ ಟಿವಿ ನೆಟ್‌ವರ್ಕಿಗೆ ಸೇರಿದ ಮೇಲೂ ಫೋನಿನಿಂದ ಅದಕ್ಕೆ ವಿಡಿಯೊ ಕಳುಹಿಸಲು ಆಗದಿರಬಹುದು. ಸುರಕ್ಷತೆಗಾಗಿ ಎಷ್ಟೋ ಕಡೆ ಒಂದು ಸಾಧನ ಇನ್ನೊಂದನ್ನು ಕಾಣದಂತೆ ತಡೆದಿರುತ್ತಾರೆ. ಆಗ ಟಿವಿಯ ಆ್ಯಪ್‌ನಲ್ಲೇ ನೇರವಾಗಿ ಲಾಗಿನ್ ಆಗಬೇಕು.